ಕಿವಿಗೆ ಬಿದ್ದ ಬೆಲೆ

ರೇಡಿಯೊ ಕೇಂದ್ರದ ಬರಹಗಾರ್ತಿ, ತನ್ನ ತಂಗಿಗೆ ಸುಳ್ಳೇ ಕಳ್ಳಿಯೆಂಬ ಪಟ್ಟ ಕಟ್ಟಿ ಕೆಲಸದಿಂದ ಓಡಿಸಿದ ಫ್ರಿಜ್ ಅಂಗಡಿಯ ಸಾಹುಕಾರನನ್ನು ಮರೆತಿರಲಿಲ್ಲ. ಅವನೀಗ ಜಾಹೀರಾತಿಗೆ ಬಂದಿದ್ದ. ನಗದು ಬೆಲೆ, ಕಂತಿನ ಒಟ್ಟು ಬೆಲೆ ಎರಡನ್ನೂ ಹೇಳಲೇಬೇಕೆಂಬುದು ಕೇಂದ್ರದ ನಿಯಮ.

"ನಗದು 16,000; ಕಂತು 999x24=23,976" ಎಂದು ಬರೆದ ಚೀಟಿ ಕೊಟ್ಟ. "ಗಡಗಡ ಓದಿಸಿಬಿಡಿ ಅಕ್ಕ, ಯಾರ ತಲೆಗೂ ಹತ್ತಬಾರದು," ಎಂದ.

ಅವಳು ಅಂಕಿಗಳನ್ನು ಮಾತಾಗಿಸಿದಳು: "ತಿಂಗಳಿಗೆ ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ. ಎರಡು ವರ್ಷ ಕಟ್ಟಿ. ಒಟ್ಟು, ಹತ್ತಿರಹತ್ತಿರ ಇಪ್ಪತ್ನಾಲ್ಕು ಸಾವಿರ. ಈಗಲೇ ಕೊಟ್ಟರೆ, ಹದಿನಾರು ಸಾವಿರ." ಪ್ರತಿ ಬೆಲೆಯ ನಂತರ ಉಸಿರು ತೆಗೆದುಕೊಳ್ಳುವಷ್ಟು ಬಿಡುವಿಟ್ಟಳು. ಸಾಹುಕಾರ ಓದದೆ ರುಜು ಹಾಕಿದ.

ಪ್ರಸಾರವಾದ ಮೇಲೆ ಕಂತಿನ ಮೇಲೆ ಫ್ರಿಜ್ ಕೇಳುವವರೇ ಇಲ್ಲ.

"ಹೊಟ್ಟೆ ಮೇಲೆ ಹೊಡೆದ್ಯಲ್ಲಮ್ಮ!" ಎಂದು ಫೋನಿನಲ್ಲಿ ಅರಚಿದ.

"ತಪ್ಪಿದ್ರೆ ತೋರಿಸಿ. ನನ್ನ ತಂಗೀಲಿ ಇಲ್ಲದ ತಪ್ಪನ್ನೇ ತೋರಿಸಿದ್ರಲ್ಲ!"

ಅವನು ಫೋನಿಟ್ಟ. ಅವಳಿಗೆ ಕರುಣೆ ಬರಲಿಲ್ಲ.