ಶೇಷಪ್ಪಣ್ಣನ ಬೀಮಿನಲ್ಲಿ ಕಾಣೆಯಾದ ಅರ್ಧ ಕಿಲೋ

ಇಂದ್ರನಿಗೆ ವಜ್ರಾಯುಧ, ಭೀಮನಿಗೆ ಗದೆ, ಶೇಷಪ್ಪಣ್ಣನಿಗೆ ಬಲಗೈ ತೋರುಬೆರಳಿನ ಗೆಣ್ಣು. ಮೂಡುಬಿದಿರೆ ಪೇಟೆಯ ಹೊರಗಿನ ಒಂದು ಪಾಲಿಟೆಕ್ನಿಕ್ಕಿನ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇನ್‌ಸ್ಟ್ರಕ್ಟರ್ ಆಗಿರುವ ಈ ಮಹಾನುಭಾವರು ಲೋಕದ ಯಾವ ಮುಳ್ಳನ್ನೂ ಸುಮ್ಮನೆ ನಂಬಿದವರಲ್ಲ. ತಕ್ಕಡಿಯದ್ದಾಗಲಿ ಗಡಿಯಾರದ್ದಾಗಲಿ, ಮೊದಲು ಗಾಜಿಗೆ ಗೆಣ್ಣಿನಿಂದ ಟಕ್ ಟಕ್ ಟಕ್ ಎಂದು ಮೂರು ಸಲ ಕುಟ್ಟಬೇಕು, ಆಮೇಲೆ ಓದಬೇಕು. ಒಮ್ಮೆ ವೇಣೂರಿನ ಹತ್ತಿರ ಬಸ್ಸಿನ ಡೀಸೆಲ್ ಮುಳ್ಳಿಗೆ ಅವರು ಕುಟ್ಟಿದ ಕೂಡಲೇ ಅರ್ಧ ಟ್ಯಾಂಕು ಕಾಲು ಟ್ಯಾಂಕಾಯಿತಂತೆ. ಡ್ರೈವರು ಈಗಲೂ ಅವರನ್ನು ಮುಂದಿನ ಸೀಟಿಗೆ ಬಿಡುವುದಿಲ್ಲವಂತೆ. ಬೆಳ್ತಂಗಡಿಯ ಡಾಕ್ಟರರ ಬಿಪಿ ಯಂತ್ರಕ್ಕೆ ಕುಟ್ಟಿ ತಮ್ಮ ರಕ್ತದೊತ್ತಡವನ್ನೇ ಹತ್ತು ಪಾಯಿಂಟು ಇಳಿಸಿಕೊಂಡರೆಂಬ ಇನ್ನೊಂದು ಪುರಾಣವೂ ಹಾಸ್ಟೆಲಿನಲ್ಲಿ ಉಂಟು.

ಈ ಪುರಾಣಗಳನ್ನೆಲ್ಲ ತೃಷಾ ಎರಡೆರಡು ಸಲ ಕೇಳಿದ್ದಳು, ಏಕೆಂದರೆ ಅವಳು ಈ ಪ್ರಾಕ್ಟಿಕಲ್ ಪರೀಕ್ಷೆಗೆ ಕೂತದ್ದೂ ಎರಡನೇ ಸಲ. ಹೋದ ಸಲ ಜ್ವರದಲ್ಲಿ ಬಂದು, ಎಡ ಬಲ ತಿಳಿಯದೆ ಬರೆದು ಫೇಲಾಗಿದ್ದಳು. ಈ ಸಲವೂ ಹೋದರೆ ಡಿಪ್ಲೊಮಾ ಮುಗಿಯುವುದಿಲ್ಲ. ಅದು ಮುಗಿಯದೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರುವಂತಿಲ್ಲ. ಒಂದು ವರ್ಷ ಬಂಟ್ವಾಳದ ಮನೆಯಲ್ಲಿ ಕೂತು, ಬಂದವರಿಗೆಲ್ಲ "ಮತ್ತೆ ಎಂತ ಮಾಡುದು ಈಗ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು.

ಅವಳಿಗೆ ಬಂದದ್ದು ಬೀಮಿನ ಪ್ರಯೋಗ. ಒಂದು ಮೀಟರ್ ಉದ್ದದ ಮರದ ಬೀಮು, ಎರಡು ತುದಿಗಳಿಗೆ ಆಧಾರವಾಗಿ ಎರಡು ಮುಳ್ಳಿನ ತಕ್ಕಡಿ. ಬೀಮಿನ ಸ್ವಂತ ಭಾರ ಲೆಕ್ಕಕ್ಕೆ ಬಾರದ ಹಾಗೆ ಮುಳ್ಳುಗಳನ್ನು ಮೊದಲೇ ಸೊನ್ನೆಗೆ ತಂದಿಟ್ಟಿದ್ದರು. ಎಡತುದಿಯಿಂದ ಇಪ್ಪತ್ತೈದು ಸೆಂಟಿಮೀಟರಿನಲ್ಲಿ ಎಂಟು ಕಿಲೋದ ಒಂದು ಗುಂಡು ನೇತಾಡುತ್ತಿತ್ತು. ಬೀಮಿನ ಮೇಲೆ ಉದ್ದಕ್ಕೂ, ಒಂದರ ಪಕ್ಕ ಒಂದು, ಹತ್ತು ಸೆಂಟಿಮೀಟರ್ ಅಗಲದ ಹತ್ತು ಕಬ್ಬಿಣದ ಪ್ಲೇಟು. ಒಂದೊಂದಕ್ಕೂ ಅರ್ಧ ಕಿಲೋ, ಒಂದೊಂದರ ಮೇಲೂ ನಂಬರು. ಪ್ಲೇಟು ಇಡುವುದು ಶೇಷಪ್ಪಣ್ಣನ ಹಕ್ಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಇಟ್ಟ ಸಾಲು ವರ್ಷವಿಡೀ ಹಾಗೇ ಇರುತ್ತದೆ. ಅಂದು ಬೆಳಿಗ್ಗೆಯೂ ಅವರೇ ಅದನ್ನು ನೆಟ್ಟಗೆ ಮಾಡಿ, ಹೆಚ್ಚುವರಿ ಉತ್ತರಪತ್ರಿಕೆ ತರಲು ಆಫೀಸಿಗೆ ಹೋಗಿದ್ದರು.

ಲೆಕ್ಕ ಕಷ್ಟದ್ದಲ್ಲ. ಎಂಟು ಕಿಲೋದ ಗುಂಡು ಎಡಕ್ಕೆ ಹತ್ತಿರ ಉಂಟು, ಹಾಗಾಗಿ ಎಡದ ಆಧಾರಕ್ಕೆ ಆರು, ಬಲಕ್ಕೆ ಎರಡು. ಪ್ಲೇಟುಗಳ ಐದು ಕಿಲೋ ಸಮನಾಗಿ ಹರಡಿದೆ, ಅದು ಎರಡಕ್ಕೂ ತಲಾ ಎರಡೂವರೆ. ಒಟ್ಟು ಎಡಕ್ಕೆ ಎಂಟೂವರೆ, ಬಲಕ್ಕೆ ನಾಲ್ಕೂವರೆ.

ಮುಳ್ಳು ಮಾತ್ರ ಇದನ್ನು ಒಪ್ಪಲಿಲ್ಲ. ತೃಷಾ ಶೇಷಪ್ಪಣ್ಣನ ಸಂಪ್ರದಾಯದಂತೆ ಮೂರು ಸಲ ಕುಟ್ಟಿದಳು. ಎಡದ ಮುಳ್ಳು ಎಂಟು ಕಿಲೋ ಮುನ್ನೂರ ಎಪ್ಪತ್ತೈದರಲ್ಲಿ ನಿಂತಿತು, ಬಲದ್ದು ನಾಲ್ಕು ಕಿಲೋ ನೂರ ಇಪ್ಪತ್ತೈದರಲ್ಲಿ. ಪುನಃ ಕುಟ್ಟಿದಳು. ಅದೇ.

"ಎಂತ ನೋಡುದು ನೀನು?" ಪಕ್ಕದ ಮೇಜಿನ ಜಿತೇಶ್ ತುಟಿ ಅಲ್ಲಾಡಿಸದೆ ಹೇಳಿದ. "ಎಂಟೂವರೆ, ನಾಲ್ಕೂವರೆ. ಕಣ್ಣು ಮುಚ್ಚಿ ಬರಿ ಮಾರಾಯ್ತಿ. ನನ್ನ ಅಣ್ಣನ ರೆಕಾರ್ಡಿನಲ್ಲೂ ಅದೇ ಉಂಟು."

"ಮುಳ್ಳು ಬೇರೆ ಹೇಳ್ತದೆ."

"ಮುಳ್ಳಿಗೆ ಮಾರ್ಕು ಬೇಡ. ನಿನಗೆ ಬೇಕು."

ಮಾತು ಸರಿಯೇ. ಆದರೆ ಹೋದ ಸಲ ಕಾಣದ್ದನ್ನು ಬರೆದು ಫೇಲಾದವಳಿಗೆ ಈ ಸಲ ಕಂಡದ್ದನ್ನು ಬಿಡಲು ಧೈರ್ಯ ಬರಲಿಲ್ಲ. ಕಂಡದ್ದನ್ನೇ ಬರೆದಳು.

ಹೊರಗಿನ ಕಾಲೇಜಿನಿಂದ ಪರೀಕ್ಷಕರಾಗಿ ಬಂದಿದ್ದ ಸ್ವರ್ಣಲತಾ ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. "ಬೆಳಿಗ್ಗೆಯಿಂದ ನಾಲ್ಕು ಜನ ಇದೇ ಪ್ರಯೋಗ ಮಾಡಿದ್ದಾರೆ. ನಾಲ್ವರಿಗೂ ಎಂಟೂವರೆ, ನಾಲ್ಕೂವರೆ, ಒಂದು ಗ್ರಾಂ ಆಚೀಚೆ ಇಲ್ಲ. ನಿನ್ನದು ಮಾತ್ರ ಯಾಕೆ ಹೀಗೆ?"

"ಓದುವಾಗ ತಪ್ಪಿರಬೇಕು ಮೇಡಂ," ಎಂದು ಅಲ್ಲಿನ ಲೆಕ್ಚರರ್ ಶಿಶಿರ್ ಸರ್ ಅಡ್ಡ ಬಂದರು. ಅವರೂ ಇದೇ ಲ್ಯಾಬಿನ ಹಳೇ ವಿದ್ಯಾರ್ಥಿ. "ನಾನೇ ಡೆಮೊ ಕೊಟ್ಟದ್ದು. ಎಂಟೂವರೆಯೇ ಬರ್ತದೆ."

"ಮೇಲಿನ ಭಾರ ಹದಿಮೂರು ಕಿಲೋ. ನಿನ್ನ ಎರಡು ಆಧಾರಗಳ ರಿಯಾಕ್ಷನ್ ಕೂಡಿಸಿದರೆ ಹನ್ನೆರಡೂವರೆ," ಎಂದರು ಮೇಡಂ. "ಕೆಳಗಿನಿಂದ ಹೊತ್ತವರು ಮೇಲಿನ ಭಾರದಷ್ಟೇ ಹೊರಬೇಕು. ಅರ್ಧ ಕಿಲೋ ಎಲ್ಲಿ?"

ತೃಷಾ ಇನ್ನೊಮ್ಮೆ ಮುಳ್ಳಿನ ಕಡೆ ನೋಡಿದಳು. "ಗೊತ್ತಿಲ್ಲ ಮೇಡಂ. ಮುಳ್ಳು ತೋರಿಸಿದ್ದನ್ನು ಬರ್ದದ್ದು."

"ಹಾಗಾದರೆ ಕಾಣೆಯಾದದ್ದು ಎಲ್ಲಿ ಅಂತಲೂ ಮುಳ್ಳನ್ನೇ ಕೇಳು. ಸಿಕ್ಕಿದರೆ ಪಾಸು. ಇಲ್ಲದಿದ್ದರೆ ತಪ್ಪು ಓದಿದ್ದು ಅಂತ ನಾನು ಬರೆಯಬೇಕಾಗ್ತದೆ."

ಲ್ಯಾಬು ಕುರುಕ್ಷೇತ್ರವಾಯಿತು. ಜಿತೇಶ್ ತನ್ನ ಪ್ರಯೋಗ ಬಿಟ್ಟು ಇತ್ತ ತಿರುಗಿದ. ತೃಷಾ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಎರಡು ಸಾಲು ಬರೆದಳು: ಎಡಕ್ಕೆ ಬರಬೇಕಾದ್ದಕ್ಕಿಂತ ನೂರ ಇಪ್ಪತ್ತೈದು ಗ್ರಾಂ ಕಡಿಮೆ, ಬಲಕ್ಕೆ ಮುನ್ನೂರ ಎಪ್ಪತ್ತೈದು ಗ್ರಾಂ ಕಡಿಮೆ.

ಬಲಕ್ಕೆ ಮೂರು ಪಾಲು ನಷ್ಟ, ಎಡಕ್ಕೆ ಒಂದು ಪಾಲು. ತಕ್ಕಡಿ ಕೆಟ್ಟದ್ದಾದರೆ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ. ಭಾರವೇ ಇಲ್ಲ, ಅದೂ ಬಲಗಡೆ ಎಲ್ಲೋ ಇಲ್ಲ. ಎಡತುದಿಯಿಂದ ಮೊಮೆಂಟ್, ಅಂದರೆ ಭಾರ ಗುಣಿಸು ದೂರ, ಹಿಡಿದಳು: ಬಲದ ನಷ್ಟ ಮುನ್ನೂರ ಎಪ್ಪತ್ತೈದನ್ನು ನೂರು ಸೆಂಟಿಮೀಟರಿನಿಂದ ಗುಣಿಸಿ, ಕಾಣೆಯಾದ ಐನೂರರಿಂದ ಭಾಗಿಸಿದರೆ ಎಪ್ಪತ್ತೈದು. ಎಪ್ಪತ್ತೈದನೇ ಸೆಂಟಿಮೀಟರು ಎಪ್ಪತ್ತರಿಂದ ಎಂಬತ್ತರವರೆಗೆ ಕೂತ ಪ್ಲೇಟಿನ ನಟ್ಟನಡು.

"ಎಂಟನೇ ಪ್ಲೇಟು ಮೇಡಂ. ಅದಕ್ಕೆ ಭಾರ ಇಲ್ಲ."

"ಭಾರ ಇಲ್ಲದ ಕಬ್ಬಿಣವಾ?" ಎಂದು ಶಿಶಿರ್ ಸರ್ ನಕ್ಕರು.

ತೃಷಾ ಇಪ್ಪತ್ತಾರು ವರ್ಷದ ನಿಷೇಧ ಮುರಿದು ಎಂಟನೇ ಪ್ಲೇಟನ್ನು ಬೆರಳಿನಿಂದ ಸರಿಸಿದಳು. ಅದು ಬೀಮಿನ ಅಂಚು ದಾಟಿ ಸರ್ ಅವರ ಪಾದದ ಕಡೆಗೇ ಬಿತ್ತು. ಸರ್ ಅಯ್ಯೋ ಎಂದು ಒಂದೂವರೆ ಅಡಿ ಹಿಂದಕ್ಕೆ ಹಾರಿದರು. ಪ್ಲೇಟು ಸದ್ದೇ ಇಲ್ಲದೆ ನೆಲಕ್ಕೆ ಇಳಿದು, ಫ್ಯಾನಿನ ಗಾಳಿಗೆ ಎರಡು ಮಗುಚು ಮಗುಚಿ ಬಾಗಿಲಿನವರೆಗೆ ಹೋಯಿತು. ಕಪ್ಪು ಗಮ್ ಟೇಪ್ ಸುತ್ತಿದ ಥರ್ಮೋಕೋಲು.

ಮೇಡಂ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಪಾಸು ಎಂದು ಬಾಯಲ್ಲಿ ಹೇಳಲಿಲ್ಲ. ತೃಷಾಳ ಹಾಳೆಯಲ್ಲಿ ಪೂರ್ತಿ ಅಂಕ ಬರೆದು ಕೆಳಗೆ ಗೆರೆ ಎಳೆದರು. ತೃಷಾಳಿಗೆ ಕಾಲು ನೆಲಕ್ಕೆ ತಾಗಿದ್ದು ಆಗ.

ಆಮೇಲೆ ಮೇಡಂ ಉಳಿದ ನಾಲ್ವರ ಹಾಳೆ ನೋಡಿದರು, ಎರಡು ವರ್ಷ ಹಿಂದಿನ ಜಿತೇಶನ ಅಣ್ಣನ ರೆಕಾರ್ಡು ತರಿಸಿ ನೋಡಿದರು, ಕೊನೆಗೆ ಶಿಶಿರ್ ಸರ್ ಅವರನ್ನೂ ನೋಡಿದರು. ಎಲ್ಲರಿಗೂ ಎಂಟೂವರೆಯೇ. ಸರ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದರು.

ಅಷ್ಟರಲ್ಲಿ ಬಾಗಿಲಲ್ಲಿ ಶೇಷಪ್ಪಣ್ಣ, ಕಂಕುಳಲ್ಲಿ ಕಾಗದದ ಕಟ್ಟು. ಮೇಡಂ ಎದ್ದು ನಿಂತರು.

"ಶೇಷಪ್ಪನವರೇ, ಇದು ಇಲ್ಲಿ ಎಷ್ಟು ವರ್ಷದಿಂದ ಉಂಟು?"

"ನಾಲ್ಕು ಆಯ್ತು."

"ನಾಲ್ಕು ವರ್ಷ!" ಮೇಡಂ ತರಗತಿಯ ಕಡೆ ತಿರುಗಿದರು. "ನೋಡಿ ಮಕ್ಕಳೇ. ಮುಳ್ಳು ನೋಡದೆ ನಕಲು ಮಾಡುವವರನ್ನು ಹಿಡಿಯಲಿಕ್ಕೆ ಒಬ್ಬರು ನಾಲ್ಕು ವರ್ಷ ತುಟಿ ಬಿಚ್ಚದೆ ಬಲೆ ಬೀಸಿ ಕಾದಿದ್ದಾರೆ. ಅದೂ ನಡುವಿನಲ್ಲಿ ಅಲ್ಲ, ಲೆಕ್ಕ ಹಾಕಿದರೆ ಮಾತ್ರ ಸಿಗುವ ಎಂಟನೇ ಜಾಗದಲ್ಲಿ. ಇಂಥ ಗುರುಗಳು ನನಗೆ ಸಿಗಲಿಲ್ಲ." ಜಿತೇಶ್ ಕೈ ಮುಗಿಯುವುದರಲ್ಲಿದ್ದ. "ಹೇಳಿ, ಎಂಟನೇ ಜಾಗವನ್ನೇ ಯಾಕೆ ಆರಿಸಿದಿರಿ?"

ಶೇಷಪ್ಪಣ್ಣ ಕಾಗದದ ಕಟ್ಟು ಮೇಜಿನ ಮೇಲಿಟ್ಟು, ಥರ್ಮೋಕೋಲನ್ನು ತೆಗೆದುಕೊಂಡು ಅದರ ಧೂಳು ಒರೆಸಿದರು.

"ಆರಿಸಿದ್ದಲ್ಲ ಮೇಡಂ. ಎಂಟನೇದು ಕೈಜಾರಿ ಬಿದ್ದು ಒಡೀತು, ಬೀಡು ಕಬ್ಬಿಣ ಅಲ್ವಾ. ಹೊಸದಕ್ಕೆ ಬರ್ದು ಕೊಟ್ಟೆ, ಬರ್ಲಿಲ್ಲ. ಇನ್‌ಸ್ಪೆಕ್ಷನಿನವರು ಫೋಟೋ ತೆಗೀವಾಗ ಹಲ್ಲು ಹೋದ ಹಾಗೆ ಕಾಣ್ತದಲ್ಲ ಅಂತ ಇದನ್ನು ಇಟ್ಟೆ. ಮತ್ತೆ ತೆಗೀಲಿಕ್ಕೆ ಮರೆತುಹೋಯ್ತು."