ಮೇಲಿನ ಮೂರು ಹಾಳೆ

ನಮ್ಮಕ್ಕನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಚೀಟಿ ಅಕ್ಕ ಅಂತಲೇ ಕರೆಯುವುದು. ತಿಂಗಳ ಕೊನೆಗೆ ಸಂಬಳದ ಚೀಟಿ ಅವಳ ಕಿಟಕಿಯಿಂದಲೇ ಬರಬೇಕು. ನಾನು ಅದೇ ಪ್ರೆಸ್ಸಿನ ಮಷಿನ್ ಹಾಲಿನಲ್ಲಿ ಹನ್ನೆರಡು ವರ್ಷದಿಂದ ಇಂಕು ಬಳಿದುಕೊಂಡು ಬಿದ್ದಿದ್ದೇನೆ. ಸ್ವಂತ ತಮ್ಮನಾದರೂ ಸಹಿ ಹಾಕದೆ ಚೀಟಿ ಕೊಡುವವಳಲ್ಲ. ಒಂದು ಸಲ ಪೆನ್ನು ಮರೆತು ಹೋಗಿದ್ದಕ್ಕೆ ಸಾಲಿನ ಕೊನೆಗೆ ಅಟ್ಟಿದ್ದಳು.

ಅವಳ ಬಗ್ಗೆ ಹೇಳುವಾಗ ನನಗೆ ಕೊಂಚ ಕೊಬ್ಬು ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ಹಗಲು ಕೆಲಸ, ಸಂಜೆ ಕಾಲೇಜು ಅಂತ ಓದಿ ಗುಮಾಸ್ತೆಯಾದವಳು. ಕನ್ನಡಕ ಮೂಗಿನ ತುದಿಗೆ ಜಾರಿದರೆ ಲೆಕ್ಕ ತಾಳೆಯಾಗಿಲ್ಲ ಅಂತ ಅರ್ಥ, ಆಗ ಹತ್ತಿರ ಸುಳಿಯಬಾರದು. ಆದರೆ ಇಷ್ಟೆಲ್ಲ ಲೆಕ್ಕ ಬಲ್ಲವಳ ಮಾತು ಒಂದು ವಿಷಯದಲ್ಲಿ ಮಾತ್ರ ನಮ್ಮ ಹಾಲಿನಲ್ಲಿ ಮೂರು ಕಾಸಿಗೂ ನಡೆಯುತ್ತಿರಲಿಲ್ಲ. ಅದು ಆದಾಯ ತೆರಿಗೆ.

ನಮ್ಮಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಎರಡರಿಂದ ನಾಲ್ಕು ಲಕ್ಷದವರೆಗಿನ ಭಾಗಕ್ಕೆ ನೂರಕ್ಕೆ ಹತ್ತು. ನಾಲ್ಕರ ಮೇಲಿನ ಭಾಗಕ್ಕೆ ನೂರಕ್ಕೆ ಇಪ್ಪತ್ತು. ಈ ನಾಲ್ಕು ಲಕ್ಷಕ್ಕೆ ಹಾಲಿನವರು ಇಟ್ಟ ಹೆಸರು ‘ಗೆರೆ’. ಗೆರೆ ದಾಟಿದರೆ ಇಡೀ ಸಂಬಳಕ್ಕೆ ಇಪ್ಪತ್ತು ಬೀಳುತ್ತದೆ, ಕೈಗೆ ಬರುವುದು ಮೊದಲಿಗಿಂತ ಕಮ್ಮಿಯಾಗುತ್ತದೆ ಅಂತ ಎಲ್ಲರ ನಂಬಿಕೆ. ವರ್ಷದ ಕೊನೆಯ ಮೂರು ತಿಂಗಳು ಗೆರೆಯ ಹತ್ತಿರ ಇರುವವರು ಓವರ್‌ಟೈಮ್ ಅಂದರೆ ಕೈ ಮುಗಿದುಬಿಡುತ್ತಿದ್ದರು. ಮನೆಯಲ್ಲೇ ಲೆಕ್ಕದವಳನ್ನು ಇಟ್ಟುಕೊಂಡ ನಾನೂ ಮುಗಿದಿದ್ದೇನೆ. ಅವಳು ಎಷ್ಟೋ ಸಲ ತಲೆ ಚಚ್ಚಿಕೊಂಡಳು, ನಾವು ಕೇಳಲಿಲ್ಲ.

ಕೇಳದೇ ಇದ್ದದ್ದಕ್ಕೆ ಕಾರಣ ದೊಡ್ಡಣ್ಣ. ನಮ್ಮ ಹಾಲಿನ ಹಿರಿಯ. ಏಳು ವರ್ಷದ ಹಿಂದೆ ಅವನಿಗೆ ಮೇಸ್ತ್ರಿ ಹುದ್ದೆ ಸಿಕ್ಕಿ ಗೆರೆ ದಾಟಿದ. ಆ ವರ್ಷದ ಕೊನೆಯ ತಿಂಗಳ ಚೀಟಿ ನೋಡಿದರೆ, ಮೇಸ್ತ್ರಿ ಆಗುವ ಮುಂಚೆ ಬರುತ್ತಿದ್ದುದಕ್ಕಿಂತ ಐದು ಸಾವಿರದ ಇನ್ನೂರು ಕಮ್ಮಿ! ಹೊಸ ವರ್ಷಕ್ಕೆ ಹುದ್ದೆ ವಾಪಸ್ ಕೊಟ್ಟು ಮಷಿನ್ನಿಗೆ ಮರಳಿದ. ಆ ಚೀಟಿ ಇವತ್ತಿಗೂ ಅವನ ಲಾಕರ್ ಬಾಗಿಲ ಒಳಗಡೆ ಅಂಟಿಕೊಂಡಿದೆ. ಅದನ್ನು ಕಣ್ಣಾರೆ ಕಂಡವರಿಗೆ ಅಕ್ಕನ ಮಾತು ಎಲ್ಲಿ ಹಿಡಿಸಬೇಕು?

ಈ ವರ್ಷದ ಕೊನೆಗೆ ಬ್ಲೇಡಮ್ಮನ ಸರದಿ ಬಂತು. ಕಾಗದ ಕತ್ತರಿಸುವ ಮಷಿನ್ನಿನ ಮುಂದೆ ಹದಿನಾರು ವರ್ಷ ನಿಂತವಳು, ಒಂಟಿ ಕೈಯಲ್ಲಿ ಇಬ್ಬರು ಮಕ್ಕಳನ್ನು ಸಾಕಿದವಳು. ಹೊಸ ವರ್ಷದಿಂದ ಬೈಂಡಿಂಗ್ ವಿಭಾಗದ ಮುಖ್ಯಸ್ಥೆ ಆಗು ಅಂದರು. ವರ್ಷದ ಸಂಬಳ ಮೂರು ಲಕ್ಷ ತೊಂಬತ್ತು ಸಾವಿರದಿಂದ ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೆ ಏರುತ್ತಿತ್ತು. ಆ ಕುರ್ಚಿಯ ಮೇಲೆ ಅವಳಿಗೆ ಎಷ್ಟು ಆಸೆ ಅಂತ ನಮಗೆಲ್ಲ ಗೊತ್ತಿತ್ತು. ಆದರೂ ಹಾಲೆಲ್ಲ ಒಂದಾಗಿ ಅವಳ ಕಿವಿಯಲ್ಲಿ ಊದಿತು. ಬೇಡ ಅಂತ ಕಾಗದ ಬರೆದು ಆಫೀಸಿಗೆ ಕಳಿಸಿದಳು. ಸಂಜೆ ಐದಕ್ಕೆ ಅದು ಮ್ಯಾನೇಜರ್ ಮೇಜಿಗೆ ಹೋದರೆ ಮುಗಿಯಿತು, ಹೊರಗಿನವರನ್ನು ತರುತ್ತಾರೆ.

ಕಾಗದ ಮೊದಲು ಬಂದದ್ದು ಅಕ್ಕನ ಕೈಗೆ. ಮೂರೂವರೆಯ ಟೀ ಹೊತ್ತಿಗೆ ಅದನ್ನು ಹಿಡಿದು ಮೆಟ್ಟಿಲು ದಡದಡ ಇಳಿದು ಬಂದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು. ನಾನು ಮಷಿನ್ನಿನ ಹಿಂದಕ್ಕೆ ಸರಿದೆ.

“ಏನೇ ಇದು?” ಅಂದಳು ಬ್ಲೇಡಮ್ಮನಿಗೆ.

“ಇರೋದೂ ಹೋದ್ರೆ ಏನ್ ಮಾಡ್ಲಿ ಅಕ್ಕಾ? ನಾನ್ ಕಂಡಿಲ್ವಾ, ಬ್ಲೇಡು ಇಳಿದ್ರೆ ಮೇಲಿನ ಹಾಳೆಯಿಂದ ಅಡಿ ಹಾಳೆ ತನಕ ಇಳಿಯತ್ತೆ.”

“ಅದು ನಿನ್ನ ಮಷಿನ್ನು. ತೆರಿಗೆ ಹಂಗಲ್ಲ. ನಲವತ್ತಮೂರು ಹಾಳೆ ಎಣಿಸು. ಒಂದೊಂದು ಹಾಳೆ ಹತ್ತು ಸಾವಿರ ಅನ್ಕೋ.”

ಎಣಿಸಿದಳು. ಅಕ್ಕ ಅದನ್ನು ಮೂರು ಕಟ್ಟು ಮಾಡಿಸಿದಳು: ಅಡಿಯ ಇಪ್ಪತ್ತು, ಅದರ ಮೇಲಿನ ಇಪ್ಪತ್ತು, ತೀರಾ ಮೇಲಿನ ಮೂರು. ಐವತ್ತು ಸೆಂಟಿಮೀಟರ್ ಉದ್ದದ ಹಾಳೆಗಳು.

“ಮೊದಲ್ನೇ ಕಟ್ಟು ಮಷಿನ್ನಿಗೆ ಇಡ್ಲೇಬೇಡ. ಎರಡನೇದ್ರಲ್ಲಿ ಐದು ಸೆಂಟಿಮೀಟರ್ ತೆಗಿ, ನೂರಕ್ಕೆ ಹತ್ತು. ಈ ಮೂರರಲ್ಲಿ ಹತ್ತು ತೆಗಿ, ನೂರಕ್ಕೆ ಇಪ್ಪತ್ತು.”

ಬ್ಲೇಡು ಎರಡೇ ಸಲ ಇಳಿಯಿತು. ಬ್ಲೇಡಮ್ಮ ಮೂರೂ ಕಟ್ಟನ್ನು ಸಾಲಾಗಿ ಇಟ್ಟು ನೋಡಿದಳು. ಮೊದಲನೆಯದಕ್ಕೆ ಗೀರೂ ಇಲ್ಲ. ಕತ್ತರಿಸಿದ ಪಟ್ಟಿಗಳನ್ನು ಎತ್ತಿ ಅವಳೇ ಲೆಕ್ಕ ಹಾಕಿದಳು: ಎಲ್ಲ ಸೇರಿ ಎರಡು ಹಾಳೆ, ಇನ್ನೊಂದರಲ್ಲಿ ಅರ್ಧಕ್ಕೆ ಸ್ವಲ್ಪ ಜಾಸ್ತಿ.

“ಇಪ್ಪತ್ತಾರು ಸಾವಿರ,” ಅಂದಳು ಅಕ್ಕ. “ಈಗ ಹತ್ತೊಂಬತ್ತು ಕಟ್ತಿದ್ದೀಯ. ಏಳು ಜಾಸ್ತಿ ಆಯ್ತು. ಸಂಬಳ ನಲವತ್ತು ಏರಿತು. ಕೈಗೆಷ್ಟು?”

“ಮೂವತ್ತಮೂರು ಸಾವಿರ ಹೆಚ್ಚಿಗೆ,” ಅಂದಳು ಬ್ಲೇಡಮ್ಮ, ಕದ್ದ ಮಾಲು ಎಣಿಸಿದಂತೆ ಮೆಲ್ಲಗೆ.

ಆಗ ದೊಡ್ಡಣ್ಣ ಟೀ ಲೋಟ ಕೆಳಗಿಟ್ಟ. “ಹಾಳೆ ಆಟ ಚೆನ್ನಾಗಿದೆಯಮ್ಮಾ. ನನ್ನ ಚೀಟಿಗೇನು ಹೇಳ್ತೀಯ?”

ಬ್ಲೇಡಮ್ಮನ ಮುಖ ಮತ್ತೆ ಇಳಿಯಿತು. ಅಕ್ಕ ತಿರುಗಿ ಮೆಟ್ಟಿಲು ಹತ್ತಿ ಮೇಲೆ ಹೋದಳು. ಸೋತಳು ಅಂತ ಯಾರೋ ನಕ್ಕರು. ಐದು ನಿಮಿಷಕ್ಕೆ ಏಳು ವರ್ಷದ ಹಿಂದಿನ ಸಂಬಳದ ರಿಜಿಸ್ಟರ್ ಹೊತ್ತು ಬಂದಳು.

“ಅದು ನನ್ನ ತಪ್ಪು ದೊಡ್ಡಣ್ಣ,” ಅಂದಳು, ಹಾಲಿನ ಕೊನೆಯವರಿಗೂ ಕೇಳುವ ಹಾಗೆ. “ನಿಮ್ಮ ಸಂಬಳ ತಿಂಗಳಿಗೆ ನಾಲ್ಕು ಸಾವಿರ ಏರಿಸಿದೆ, ತೆರಿಗೆ ಮಾತ್ರ ಹಳೇ ಲೆಕ್ಕದಲ್ಲೇ ಹಿಡೀತಾ ಹೋದೆ. ಹನ್ನೊಂದು ತಿಂಗಳು. ಕೊನೇ ತಿಂಗಳು ಗೊತ್ತಾಯ್ತು. ವರ್ಷಕ್ಕೆ ಹೆಚ್ಚಾದ ತೆರಿಗೆಯೆಲ್ಲ, ಒಂಬತ್ತು ಸಾವಿರದ ಇನ್ನೂರು, ಒಂದೇ ಚೀಟಿಯಲ್ಲಿ ಹಿಡಿದುಬಿಟ್ಟೆ. ಮ್ಯಾನೇಜರು ಬಾಯಿ ಬಿಡಬೇಡ ಅಂದ್ರು. ನಾನು ಹೊಸಬಳು, ಹೆದರಿದೆ. ಆಮೇಲೆ ನಾಚಿಕೆ ಆಯ್ತು.”

ರಿಜಿಸ್ಟರ್ ತಿರುಗಿಸಿ ಅವನ ಮುಂದೆ ಇಟ್ಟಳು. ದೊಡ್ಡಣ್ಣ ಬೆರಳಿಟ್ಟು ಒಂದೊಂದೇ ತಿಂಗಳು ಓದಿದ. ಆ ವರ್ಷ ಅವನ ಕೈಗೆ ಬಂದದ್ದು ಹಿಂದಿನ ವರ್ಷಕ್ಕಿಂತ ಮೂವತ್ತೆಂಟು ಸಾವಿರದ ಎಂಟುನೂರು ಹೆಚ್ಚು. ಆ ಹುದ್ದೆಯನ್ನೇ ಅವನು ಬಿಟ್ಟುಕೊಟ್ಟಿದ್ದ.

ನನಗೆ ಅಕ್ಕನ ಪಕ್ಕ ಹೋಗಿ ನಿಲ್ಲಬೇಕು ಅನ್ನಿಸಿತು, ಹೋಗಿ ನಿಂತೆ. ಲೆಕ್ಕ ತೋರಿಸಿ ಅವಳು ನುಣುಚಿಕೊಳ್ಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬ ಹೆಂಗಸಿನ ಕುರ್ಚಿ ಉಳಿಸಲು ತನ್ನ ಮಾನವನ್ನು ತಾನೇ ತಂದು ಮೇಜಿನ ಮೇಲೆ ಇಟ್ಟಿದ್ದಳು. ನಾನು ಇವಳ ತಮ್ಮ ಅಂತ ಅವತ್ತು ಹೆಮ್ಮೆಯಾಯಿತು.

ದೊಡ್ಡಣ್ಣ ರಿಜಿಸ್ಟರ್ ಮುಚ್ಚಿದ. “ಆರು ವರ್ಷದ ಮೇಸ್ತ್ರಿ ಸಂಬಳ ಹೋಯ್ತು ಕಣಮ್ಮಾ,” ಅಂದ. ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೂ ಹಗುರಾಗುತ್ತಿತ್ತೇನೋ. ಅವಳು ಕೈ ಜೋಡಿಸಿದಳು.

ಆಮೇಲೆ ಅವನು ಬ್ಲೇಡಮ್ಮನ ಕಡೆ ತಿರುಗಿದ. “ಇನ್ನೂ ಏನ್ ನೋಡ್ತೀಯ? ಆ ಕಾಗದ ಹರಿ. ನಾನ್ ಬಿಟ್ಟ ಹಾಗೆ ನೀನೂ ಬಿಡ್ತೀಯಾ?”

ಬ್ಲೇಡಮ್ಮ ಹರಿಯಲಿಲ್ಲ. ಹದಿನಾರು ವರ್ಷದ ಅಭ್ಯಾಸ, ಕಾಗದವನ್ನು ನೀಟಾಗಿ ಮಷಿನ್ನಿಗೆ ಇಟ್ಟು ಕತ್ತರಿಸಿದಳು. ಎಲ್ಲರೂ ನಕ್ಕರು. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಹೊಸ ವರ್ಷದ ಮೊದಲ ಸಂಬಳದ ದಿನ ಸಾಲಿನಲ್ಲಿ ನನ್ನ ಮುಂದೆ ದೊಡ್ಡಣ್ಣ, ಅವನ ಮುಂದೆ ವಿಭಾಗದ ಮುಖ್ಯಸ್ಥೆ. ಅವಳ ಚೀಟಿಯನ್ನು ಇವನೇ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ಓದಿದ. ತೆರಿಗೆ ತಿಂಗಳಿಗೆ ಐನೂರ ಎಂಬತ್ತಮೂರು ಹೆಚ್ಚಾಗಿತ್ತು, ಏಳು ಸಾವಿರದಲ್ಲಿ ಹನ್ನೆರಡನೇ ಒಂದು ಪಾಲು. ಅಕ್ಕ ಕಿಟಕಿಯ ಆಚೆಯಿಂದ ಅವನ ಮುಖವನ್ನೇ ನೋಡುತ್ತಿದ್ದಳು.

“ಸರಿಯಾಗಿ ಹಿಡಿದಿದ್ದೀಯ ತಾಯಿ,” ಅಂದ ದೊಡ್ಡಣ್ಣ. “ಇನ್ನು ನನ್ನ ಓವರ್‌ಟೈಮ್ ಅರ್ಜಿ ಬರ್ಕೋ.”