ಬೀಗ್ತಿ ಓದಿದ ಕಿಮ್ಮತ್ತಿನ ಚೀಟಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ತಿಕೋಟಾದಿಂದ ವಿಜಯಪುರಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಎಂ.ಕಾಂ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಈಗ ವಿಜಯಪುರದಲ್ಲೇ ಕಾಲೇಜೊಂದರಲ್ಲಿ ಮಾರ್ಕೆಟಿಂಗ್ ಪಾಠ ಮಾಡುತ್ತೇನೆ. ಗ್ರಾಹಕರ ವರ್ತನೆಯ ಅಧ್ಯಾಯ ಬಂದಾಗ ಮಾತ್ರ ಪುಸ್ತಕ ಮುಚ್ಚಿಟ್ಟು ನಮ್ಮ ವೈನಿಯ ಅಂಗಡಿಯ ಕಥೆ ಹೇಳುತ್ತೇನೆ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ತಿಕೋಟಾದಲ್ಲಿ ಮನೆಯ ಮುಂದಿನ ಖೋಲಿಯಲ್ಲೇ ಅವಳ ಅರಿವೆ ಅಂಗಡಿ. ಟವೆಲ್ಲು, ಲಂಗ, ನೈಟಿ ದಿನದ ವ್ಯಾಪಾರ. ಆದರೆ ಅಂಗಡಿ ನಿಂತಿದ್ದು ಆಯೇರಿ ಸೀರೆಗಳ ಮೇಲೆ. ಮದುವೆಯಲ್ಲಿ ಬೀಗರ ಕಡೆಯ ಹೆಂಗಸರಿಗೆಲ್ಲ ಉಡುಗೊರೆ ಕೊಡಬೇಕಲ್ಲ, ಆ ಸೀರೆಗಳು. ಒಂದು ಮನೆಯವರು ಬಂದರೆ ಗಂಟುಗಟ್ಟಲೆ ಒಯ್ಯುತ್ತಾರೆ. ವಿಜಯಪುರದಲ್ಲಿ ದೊಡ್ಡ ದೊಡ್ಡ ಅಂಗಡಿಗಳಾದ ಮೇಲೆ ಆ ಗಿರಾಕಿಗಳು ಬಸ್ ಹತ್ತಿ ಅತ್ತ ಹೋಗತೊಡಗಿದರು.

"ಈ ಹಂಗಾಮದಾಗ ಆಯೇರಿ ಗಿರಾಕಿ ಬರಲಿಲ್ಲಂದ್ರ ಬಾಗಲಾ ಹಾಕಿಬಿಡ್ತೀನಿ ನೋಡು," ಅಂದಳು ವೈನಿ. "ಬಿಜಾಪುರದಾಗ ಯಾವುದರ ಅಂಗ್ಡ್ಯಾಗ ಸೀರಿ ಮಡಚಾಕ ಹೋಗ್ತೀನಿ."

"ನಾ ಎಂ.ಕಾಂ. ಮಾಡಿದ್ದು ಯಾಕ ವೈನಿ? ಸ್ವಲ್ಪ ತಡಿ."

"ಹೂಂ, ಎಂಕಾಂ ಬಾಯಾರು ಬಂದ್ರು, ಇನ್ನ ಚಿಂತಿ ಇಲ್ಲ!"

ಅಲ್ಲಿಯವರೆಗೆ ಅಂಗಡಿಯಲ್ಲಿ ಬೆಲೆ ಬಾಯಿಮಾತಿನದು. ಅವಳು ಒಂದು ಹೇಳುವಳು, ಗಿರಾಕಿ ಒಂದು ಹೇಳುವಳು. ನಾನು ಎಲ್ಲದಕ್ಕೂ ಚೀಟಿ ಹಚ್ಚಿದೆ. ನೂರು ರೂಪಾಯಿಯ ಟವೆಲ್ಲಿಗೆ ತೊಂಬತ್ತೊಂಬತ್ತು, ಮುನ್ನೂರರ ನೈಟಿಗೆ ಇನ್ನೂರ ತೊಂಬತ್ತೊಂಬತ್ತು.

"ಒಂದ ರೂಪಾಯಿಗೆ ಯಾರ ಮಳ್ಳ ಆಗ್ತಾರ ಬೇ?"

"ನಾವು ಸಂಖ್ಯೆ ಓದೂದು ಎಡಗಡೆಯಿಂದ. ಮೊದಲು ಎರಡು ಕಂಡ್ರ ಮನಸಿನ್ಯಾಗ ಇನ್ನೂರ ಅಂತನ ಕುಂದರ್ತದ. ಹಿಂದಿಂದು ಪೂರ್ತಿ ಓದೂದರಾಗ ಮಾಲು ಕೈಯಾಗ ಇರ್ತದ."

ಟವೆಲ್ಲು, ನೈಟಿ ಹೋದವು. ಹಿಂದಿಗಿಂತ ಬೇಗನೇ ಹೋದವು. ಚೌಕಾಸಿ ಕಡಿಮೆಯಾಯಿತು, ಬರೆದ ಬೆಲೆಯ ಜೊತೆ ಜನ ಅಷ್ಟು ಜಗಳಾಡುವುದಿಲ್ಲ. ನನಗೆ ಹುರುಪು ಬಂತು. ಆಯೇರಿ ಸೀರೆಗಳಿಗೂ ಅದೇ ಉಪಾಯ ಹೂಡಿದೆ. ಎಂಟುನೂರರ ಸೀರೆಯ ಚೀಟಿಯಲ್ಲಿ ಸಾವಿರದ ಐನೂರು ಎಂದು ಬರೆದು, ಅಡ್ಡಗೆರೆ ಎಳೆದು, ಕೆಳಗೆ ಏಳುನೂರ ತೊಂಬತ್ತೊಂಬತ್ತು ಎಂದು ದಪ್ಪಗೆ ಬರೆದೆ. ಮೊದಲು ಕಂಡ ದೊಡ್ಡ ಬೆಲೆ ಲಂಗರಿನಂತೆ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ, ಅದರ ಪಕ್ಕ ಎರಡನೆಯದು ಅಗ್ಗವೆನಿಸುತ್ತದೆ. ಪಾಠ ಸರಿಯಾಗಿಯೇ ನೆನಪಿತ್ತು.

ಮೊದಲ ಆಯೇರಿ ಗಿರಾಕಿ ಬಬಲೇಶ್ವರದ ಕಾಕು. ವೈನಿಯ ತವರಿನ ಕಡೆಯ ಚಿಕ್ಕಮ್ಮ, ಮಾತಿಗೆ ಬಲು ಜೋರು. ಆ ಹಂಗಾಮಿನಲ್ಲಿ ಅವಳ ಇಬ್ಬರು ಹೆಣ್ಣುಮಕ್ಕಳದೂ ಮದುವೆ, ಒಂದೇ ಮನೆಯ ಅಣ್ಣತಮ್ಮಂದಿರ ಜೊತೆ, ಹಿರಿಯಳದು ಮೊದಲು. "ಅರ್ಧಾಕ ಅರ್ಧಾ ಬಿಟ್ಟೀಯಲ್ಲವ್ವಾ!" ಎಂದು ಖುಷಿಯಿಂದ ಗಂಟು ಕಟ್ಟಿಸಿಕೊಂಡು ಹೋದಳು. ಕಿರಿಯ ಮಗಳ ಜವಳಿಗೂ ಇಲ್ಲಿಗೇ ಬರುತ್ತೇನೆಂದಳು. ವೈನಿ ಆ ದಿನ ನನಗೆ ಶೇಂಗಾ ಹೋಳಿಗೆ ಮಾಡಿ ಹಾಕಿದಳು.

ಮದುವೆ ಮುಗಿದ ವಾರದಲ್ಲೇ ಕಾಕು ಬಂದಳು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟಳು.

"ಎಲ್ಲಿದಾಳ ನಿಮ್ಮ ಎಂಕಾಂ? ಮಂದ್ಯಾಗ ನನ್ನ ಮಾನಾ ಹರಾಜ ಹಾಕಿದ್ಳು!"

"ಯಾಕ್ರಿ ಕಾಕು, ಸೀರಿ ಹರಿದಿತ್ತೇನು?" ಎಂದೆ.

"ಸೀರಿ ಚಂದ ಅದ. ಚೀಟಿ ನೋಡಿ ಬೀಗ್ತಿ ಏನಂದ್ಳು ಗೊತ್ತೇನು? 'ಸೇಲಿನ್ಯಾಗ ಹಚ್ಚಿದ್ದು ತಂದಾರ ನೋಡ್ರಿ, ಗೆರಿ ಹೊಡದಾರ' ಅಂತ ಎಲ್ಲಾರಿಗೂ ತೋರಿಸಿದ್ಳು. ಆಯೇರಿ ಮಾಡಿದ್ದೂ ಸಾಕಾತು, ಅನಿಸ್ಕೊಂಡಿದ್ದೂ ಸಾಕಾತು!"

"ಚೀಟಿ ತಗದ ಕೊಡಬೇಕಿತ್ತಲ್ಲರಿ?"

ಕಾಕು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. "ಚೀಟಿ ತಗದ್ರ ಎಷ್ಟರ ಸೀರಿ ಕೊಟ್ಟೀನಂತ ಅವರಿಗೆ ಹೆಂಗ ತಿಳೀಬೇಕವ್ವಾ?"

ನಮ್ಮ ಕಡೆ ಆಯೇರಿಯ ಸೀರೆಗೆ ಚೀಟಿ ಹಾಗೇ ಬಿಡುವ ಮನೆಗಳು ಬಹಳ. ಹುಟ್ಟಿದಾಗಿನಿಂದ ನೋಡಿದ್ದೆ. ಚೀಟಿ ಬರೆಯುವಾಗ ಮಾತ್ರ ಅದು ತಲೆಗೆ ಹೊಳೆದಿರಲಿಲ್ಲ. ಕಿರಿಯಳ ಜವಳಿಗೆ ಬಿಜಾಪುರಕ್ಕೇ ಹೋಗುತ್ತೇನೆಂದು ಕಾಕು ಎದ್ದಳು. ಕಾಕು ಮುಟ್ಟದ ನೀರಿನ ತಂಬಿಗೆಯನ್ನು ವೈನಿ ಒಳಗಿಟ್ಟಳು.

ಮರುದಿನ ಬಸ್ಸಿನಲ್ಲಿ ನಿಂತೇ ಯೋಚಿಸಿದೆ. ತಪ್ಪು ಪಾಠದ್ದಲ್ಲ, ನಾನು ಅರ್ಧ ಹಚ್ಚಿದ್ದು. ಒಂಬತ್ತರಲ್ಲಿ ಮುಗಿಯುವ ಬೆಲೆ ಅಗ್ಗವೆನ್ನುವುದರ ಜೊತೆಗೆ "ಇದು ಅಗ್ಗದ ಮಾಲು" ಎಂಬ ಸುದ್ದಿಯನ್ನೂ ಹೇಳುತ್ತದೆ. ಮನೆಗೆ ಕೊಳ್ಳುವ ಟವೆಲ್ಲಿಗೆ ಆ ಸುದ್ದಿ ಒಳ್ಳೆಯದು, ಮರ್ಯಾದೆಗೆ ಕೊಡುವ ಸೀರೆಗೆ ಅಲ್ಲ. ಕೊಳ್ಳುವವಳು ಬೇರೆ, ಉಡುವವಳು ಬೇರೆ ಎಂದೂ ಕಲಿತಿದ್ದೆವು. ನನ್ನ ಚೀಟಿ ಓದಿದ್ದು ಕಾಕು ಒಬ್ಬಳೇ ಅಲ್ಲ, ಬೀಗ್ತಿ ಕೂಡ. ಇನ್ನು ಆ ಸಾವಿರದ ಐನೂರು? ಆ ಸೀರೆಯನ್ನು ನಾವು ಯಾವತ್ತೂ ಆ ಬೆಲೆಗೆ ಮಾರಿರಲಿಲ್ಲ. ಅದು ಉಪಾಯವಲ್ಲ, ಸುಳ್ಳು.

ಸಂಜೆ ಬಂದು ಆಯೇರಿ ಸೀರೆಗಳ ಚೀಟಿಯನ್ನೆಲ್ಲ ಕಿತ್ತೆ. ಎಂಟುನೂರಕ್ಕೆ ಎಂಟುನೂರು, ಸಾವಿರದ ಇನ್ನೂರಕ್ಕೆ ಸಾವಿರದ ಇನ್ನೂರು, ಗೆರೆಯಿಲ್ಲದೆ ಅಚ್ಚುಕಟ್ಟಾಗಿ ಬರೆದೆ. ಆಮೇಲೆ ವೈನಿಯನ್ನು ಕೇಳಿದೆ: "ಗಿರಾಕಿ ಬಂದ್ರ ಮೊದಲ ಯಾವ ಸೀರಿ ಬಿಚ್ಚತಿ?"

"ಮುನ್ನೂರದ್ದು. ಪಾಪ, ಅಂಜಬಾರ್ದಲ್ಲ."

"ಅದಕ್ಕ ಎಂಟನೂರದ್ದು ಅವರಿಗೆ ಬೆಟ್ಟ ಕಂಡಾಂಗ ಕಾಣ್ತದ. ಎರಡು ಸಾವಿರದ ಐನೂರದ್ದು ಒಂದು ಗ್ವಾಡಿ ಮಾಡದಾಗ ಐತಲ್ಲ, ಅದನ್ನ ಮೊದಲ ತೋರಸು."

"ಇದೂ ಮೋಸನ ಅಲ್ಲೇನು?"

ನಾನು ಆ ಸೀರೆ ಇಳಿಸಿ ಅವಳ ಮುಂದಿಟ್ಟೆ. "ಆ ಸೀರಿ ಖರೇನ ಅಷ್ಟಕ್ಕ ಮಾರ್ತೇವಿ. ಬೇಕಂದವರು ಒಯ್ಯಬಹುದು. ಮೊದಲ ಅವರ ಮನಸಿನ್ಯಾಗ ಎಷ್ಟದ ಕೇಳು, ಅದನ್ನ ದಾಟಿಸಬ್ಯಾಡ. ಅಷ್ಟಾದ್ರ ಮೋಸ ಅಲ್ಲ."

ವೈನಿ ತಾನೇ ಬಬಲೇಶ್ವರಕ್ಕೆ ಹೋಗಿ ಕಾಕುವಿನ ಮನೆಯಲ್ಲಿ ಚಹಾ ಕುಡಿದು, ಒಂದು ಸಲ ಬಂದು ನೋಡೆಂದು ಕರೆದು ಬಂದಳು. ನಾನು ಹೋಗಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲವೇನೋ.

ಕಾಕು ಬಂದಳು, ಮುಖ ಬಿಗಿದುಕೊಂಡೇ. ಒಂದೊಂದಕ್ಕೆ ಎಂಟುನೂರರ ಆಚೀಚೆ ಅಂದಳು. ವೈನಿ ಮೊದಲು ಆ ದೊಡ್ಡ ಸೀರೆ ಬಿಚ್ಚಿದಳು.

"ಯವ್ವಾ, ಇದನ್ನ ಬೀಗ್ತಿಗೆ ಕೊಟ್ಟು ನಾ ಏನ ಉಡಲಿ?" ಎಂದಳು ಕಾಕು. ಆದರೆ ಸೆರಗನ್ನು ಎರಡು ಸಲ ಮುಟ್ಟಿದಳು. ಆಮೇಲೆ ಸಾವಿರದ ಇನ್ನೂರರದು, ಕೊನೆಗೆ ಎಂಟುನೂರರವು. ಅವನ್ನು ನೋಡಿ ಕಾಕುವಿನ ಹುಬ್ಬು ಸಡಿಲಾಯಿತು.

"ಇವು ಪರವಾಗಿಲ್ಲಲ್ಲ! ಹ್ವಾದ ಸಲದಾವ ಹಿಂಗ ಇದ್ವೇನು?"

"ಅವ ಇವು ಕಾಕು," ಎಂದೆ. "ಚೀಟಿ ಅಷ್ಟ ಬ್ಯಾರೆ."

ಒಂದು ಕ್ಷಣ ವೈನಿಯ ಕೈ ನಿಂತಿತು. ಕಾಕು ನನ್ನನ್ನು ನೋಡಿ, ಚೀಟಿ ನೋಡಿ, ಹೊಟ್ಟೆ ಹಿಡಿದು ನಕ್ಕಳು. "ಖರೇ ಹೇಳಿದಿ ಬಿಡು, ಎಂಕಾಂ! ಈಗ ಒಂದೊಂದು ಜಂಪರ್ ಪೀಸ್ ಬಿಟ್ಟಿ ಹಾಕು, ಇಲ್ಲಂದ್ರ ಬಿಜಾಪುರ ಬಸ್ಸು ನಿಂತಾದ ನೋಡು."

ವೈನಿ ಒಂದೊಂದು ರವಿಕೆ ಬಟ್ಟೆ ಹಾಕಿದಳು. ಎಲ್ಲರಿಗೂ ಎಂಟುನೂರರವು, ಬೀಗ್ತಿಗೆ ಮಾತ್ರ ಸಾವಿರದ ಇನ್ನೂರರದು. ಅದು ಕಾಕು ತಾನೇ ಆರಿಸಿದ್ದು, ನಾವು ಒತ್ತಾಯಿಸಲಿಲ್ಲ. ಗಂಟು ಕಟ್ಟುವಾಗ ವೈನಿ ಹೋದ ಸಲದ ಜಗಳಕ್ಕೆ ಅಂಜಿ ಕತ್ತರಿ ತೆಗೆದು ಚೀಟಿಗೆ ಕೈ ಹಾಕಿದಳು.

"ಏ, ಇರ್ಲಿ ಬಿಡು!" ಕಾಕು ಅವಳ ಕೈ ಹಿಡಿದಳು. "ಚೀಟಿ ಮ್ಯಾಲಕ್ಕ ಕಾಣೂವಂಗ ಮಡಚು. ಈ ಸಲ ಓದ್ಲಿ ಆಕಿ, ಜೋರಾಗಿ ಓದ್ಲಿ."

ವೈನಿ ಕತ್ತರಿ ಗಲ್ಲಾದೊಳಗೆ ಎಸೆದು, ಚೀಟಿಯನ್ನು ಬೆರಳಿನಿಂದ ನೆಟ್ಟಗೆ ಮಾಡಿ ಮೇಲಿಟ್ಟಳು. ಬಾಗಿಲು ಹಾಕುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.